ಕ್ರಾಂತಿಕ ತ್ರಿಜ್ಯವೂ ಬೇರಿಯಂ ಸಲ್ಫೇಟಿನ ಸಾಕ್ಷ್ಯವೂ: ಅಂಕುರಣ ಸಿದ್ಧಾಂತದ ಒಂದು ವಿಮರ್ಶೆ

ದ್ರಾವಣದಿಂದ ಹರಳು ಹುಟ್ಟುವ ಬಗೆಯನ್ನು ತರಗತಿಯಲ್ಲಿ ವಿವರಿಸುವಾಗ ನಾವೆಲ್ಲರೂ ಕರಿಹಲಗೆಯ ಮೇಲೆ ಒಂದೇ ಚಿತ್ರವನ್ನು ಬರೆಯುತ್ತೇವೆ. ಅಡ್ಡಗೆರೆಯಲ್ಲಿ ಹರಳಿನ ತ್ರಿಜ್ಯ, ನಿಲುಗೆರೆಯಲ್ಲಿ ಮುಕ್ತಶಕ್ತಿ. ಮೇಲೇರಿ ಶಿಖರ ಮುಟ್ಟಿ ಕೆಳಗಿಳಿಯುವ ಒಂದು ವಕ್ರರೇಖೆ. ಶಿಖರದ ನೇರದಲ್ಲಿರುವ ತ್ರಿಜ್ಯವೇ ಕ್ರಾಂತಿಕ ತ್ರಿಜ್ಯವೆಂದು ಹೇಳಿ, ಸೂತ್ರವನ್ನು ಬರೆಸಿ, ಮುಂದಿನ ಪ್ರಕರಣಕ್ಕೆ ಹೋಗುತ್ತೇವೆ. ಆ ಸೂತ್ರದಲ್ಲಿ ತರ್ಕದೋಷವೇನೂ ಇಲ್ಲ. ಆದರೆ ಅದರಿಂದ ಬರುವ ಸಂಖ್ಯೆಗಳನ್ನು ಅಳತೆಯಿಂದ ದೊರೆತವುಗಳಂತೆ ಉಲ್ಲೇಖಿಸುವ ಅಭ್ಯಾಸವು ನಮ್ಮ ಪ್ರಬಂಧಗಳಲ್ಲಿಯೂ ಪ್ರಾಯೋಗಿಕ ವರದಿಗಳಲ್ಲಿಯೂ ಬೇರೂರಿದೆ. ಈ ಅಭ್ಯಾಸವು ಎಷ್ಟರಮಟ್ಟಿಗೆ ಸಮರ್ಥನೀಯ ಎಂಬುದನ್ನು ಬೇರಿಯಂ ಸಲ್ಫೇಟಿನ ಒಂದೇ ನಿದರ್ಶನವನ್ನು ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ತೂಕದ ವಿಶ್ಲೇಷಣೆಯನ್ನು ಮಾಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಬಿಳಿಯ ಒತ್ತರವು ಪರಿಚಿತವಾದುದರಿಂದ ಅದನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಸಿದ್ಧಾಂತವನ್ನು ಅದರ ಸರಳ ರೂಪದಲ್ಲಿ ನೆನೆಯೋಣ. ಅತಿಪರ್ಯಾಪ್ತ ದ್ರಾವಣದಲ್ಲಿ r ತ್ರಿಜ್ಯದ ಒಂದು ಗೋಳಾಕಾರದ ಹರಳು ಮೂಡಿತೆನ್ನೋಣ. ದ್ರಾವಣದಲ್ಲಿದ್ದ ಅಯಾನುಗಳು ಹರಳಿನ ಒಳಸೇರಿದುದರಿಂದ ಮುಕ್ತಶಕ್ತಿ ಇಳಿಯುತ್ತದೆ. ಈ ಇಳಿತವು ಗಾತ್ರಕ್ಕೆ, ಎಂದರೆ ತ್ರಿಜ್ಯದ ಘನಕ್ಕೆ ಅನುಗುಣವಾದುದು. ಅದೇ ಹೊತ್ತಿಗೆ ಹರಳಿಗೂ ದ್ರಾವಣಕ್ಕೂ ನಡುವೆ ಹೊಸದೊಂದು ಮೇಲ್ಮೈ ಏರ್ಪಡುತ್ತದೆ. ಅದಕ್ಕೆ ತೆರಬೇಕಾದ ಬೆಲೆಯು ತ್ರಿಜ್ಯದ ವರ್ಗಕ್ಕೆ ಅನುಗುಣವಾದುದು. ಮೇಲ್ಮೈಯ ಚದರ ಮೀಟರಿಗೆ ತಗಲುವ ಶಕ್ತಿ γ, ಒಂದು ಸೂತ್ರಘಟಕ ಹರಳಿನಲ್ಲಿ ಆಕ್ರಮಿಸುವ ಗಾತ್ರ v, ಒಂದು ಘಟಕ ದ್ರಾವಣದಿಂದ ಹರಳಿಗೆ ಬಂದಾಗ ದೊರೆಯುವ ಶಕ್ತಿಲಾಭ Δμ ಎಂದಾದರೆ,

ΔG = 4πr²γ − (4/3)πr³ Δμ/v

ಎಂದಾಗುತ್ತದೆ. r ಚಿಕ್ಕದಾಗಿರುವಾಗ ವರ್ಗವು ಘನವನ್ನು ಮೀರಿಸುತ್ತದೆ. ದೊಡ್ಡದಾದಾಗ ಘನವು ವರ್ಗವನ್ನು ಮೀರಿಸುತ್ತದೆ. ಇವೆರಡರ ಸಂಧಿಯಲ್ಲಿ ಶಿಖರ. ಅಲ್ಲಿ

r* = 2γv/Δμ,  ΔG* = (4/3)πr*²γ

ಎಂದು ಸುಲಭವಾಗಿ ತೋರಿಸಬಹುದು. ಶಿಖರದಲ್ಲಿ ಎರಡು ಶಕ್ತಿಗಳು ಸಮಸಮವಾಗುತ್ತವೆ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಸಮವಾಗುವುದು ಅವುಗಳ ಬದಲಾವಣೆಯ ದರಗಳು ಮಾತ್ರ. ಶಿಖರದಲ್ಲಿ ಗಾತ್ರದ ಲಾಭವು ಮೇಲ್ಮೈಯ ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲನ್ನಷ್ಟೇ ತೀರಿಸಿರುತ್ತದೆ. ಉಳಿದ ಒಂದು ಪಾಲೇ ΔG*. ಈ ತಡೆಯನ್ನು ದಾಟಬೇಕಾದರೆ ಅಯಾನುಗಳ ಆಕಸ್ಮಿಕ ಕೂಟವೊಂದೇ ದಾರಿ. ಆದ್ದರಿಂದ ಅಂಕುರಗಳು ಹುಟ್ಟುವ ದರವು

J = A exp(−ΔG*/kT)

ಎಂಬ ರೂಪವನ್ನು ತಳೆಯುತ್ತದೆ. ಇದರ ಉಷ್ಣಗತಿಶಾಸ್ತ್ರದ ಬೇರು 1876 ಮತ್ತು 1878ರ ನಡುವೆ ಪ್ರಕಟವಾದ ಗಿಬ್ಸನ ಬರಹದಲ್ಲಿದೆ. ದರದ ವಿಚಾರವನ್ನು 1926ರಲ್ಲಿ ಫೋಲ್ಮರ್ ಮತ್ತು ವೆಬರ್ ಎತ್ತಿದರು. 1935ರಲ್ಲಿ ಬೆಕರ್ ಮತ್ತು ಡೋರಿಂಗ್ ಅದನ್ನು ಬೆಳೆಸಿದರು. ಇವರು ಮುಖ್ಯವಾಗಿ ವಿಚಾರಿಸಿದುದು ಆವಿಯಿಂದ ಹನಿಗಳು ಕಟ್ಟಿಕೊಳ್ಳುವುದನ್ನು ಎಂಬುದನ್ನು ಇಲ್ಲಿ ಗಮನಿಸಬೇಕು. ಹನಿ ನಿಜವಾಗಿಯೂ ಗೋಳ. ನೀರಿನ ಮೇಲ್ಮೈ ಸೆಳೆತವನ್ನು ಅಂಕುರಣಕ್ಕೆ ಸಂಬಂಧವಿಲ್ಲದ ಬೇರೆ ಪ್ರಯೋಗದಿಂದ ಅಳೆಯಬಹುದು. ದ್ರಾವಣದಲ್ಲಿ ಮುಳುಗಿರುವ ಹರಳಿನ ವಿಷಯದಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ನಮ್ಮ ವಿಮರ್ಶೆ ಹುಟ್ಟುವುದು ಇಲ್ಲಿಂದಲೇ.

ಈಗ ಲೆಕ್ಕಕ್ಕೆ ಬರೋಣ. ಬೇರಿಯಂ ಸಲ್ಫೇಟಿನ ಮೋಲಾರ್ ತೂಕ 233.4 ಗ್ರಾಂ, ಹರಳಿನ ಸಾಂದ್ರತೆ ಘನ ಸೆಂಟಿಮೀಟರಿಗೆ 4.5 ಗ್ರಾಂ. ಇವುಗಳಿಂದ ಒಂದು ಘಟಕದ ಗಾತ್ರ 8.6 × 10⁻²⁹ ಘನ ಮೀಟರ್ ಎಂದು ಬರುತ್ತದೆ. ಅಂಕುರಣದ ಪ್ರಯೋಗಗಳಿಂದ ನಿಗಮಿಸಿ ಗ್ರಂಥಗಳಲ್ಲಿ ಕೊಡುವ γ ಸುಮಾರು 0.13 ಜೂಲ್ ಪ್ರತಿ ಚದರ ಮೀಟರಿಗೆ. ಅತಿಪರ್ಯಾಪ್ತತೆಯನ್ನು S ಎಂದು ಬರೆಯೋಣ: ದ್ರಾವಣದಲ್ಲಿರುವ ಎರಡು ಅಯಾನುಗಳ ಗುಣಲಬ್ಧವನ್ನು ವಿಲೀನತಾ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದರೆ S ದೊರೆಯುತ್ತದೆ. ಘಟಕವೊಂದರಲ್ಲಿ ಎರಡು ಅಯಾನುಗಳಿರುವುದರಿಂದ Δμ = 2kT ln S. ಈ 2ನ್ನು ಮರೆಯುವುದು ವಿದ್ಯಾರ್ಥಿಗಳ ಲೆಕ್ಕದಲ್ಲಿ ಪದೇಪದೇ ಕಾಣುವ ತಪ್ಪು. ಅದನ್ನು ಬಿಟ್ಟರೆ ತ್ರಿಜ್ಯವು ಇಮ್ಮಡಿಯೂ ತಡೆಯು ನಾಲ್ಮಡಿಯೂ ಆಗಿಬಿಡುತ್ತದೆ.

25 ಡಿಗ್ರಿ ಸೆಂಟಿಗ್ರೇಡಿನಲ್ಲಿ S = 10 ಆಗಿದ್ದರೆ ಕ್ರಾಂತಿಕ ತ್ರಿಜ್ಯ 1.2 ನ್ಯಾನೊಮೀಟರ್, ತಡೆ 185 kT. S = 100 ಆದಾಗ ತ್ರಿಜ್ಯ 0.59 ನ್ಯಾನೊಮೀಟರ್, ತಡೆ 46 kT. S = 1000 ಆದಾಗ ತ್ರಿಜ್ಯ 0.39 ನ್ಯಾನೊಮೀಟರ್, ತಡೆ 21 kT. ಈ ಅಂಕಿಗಳನ್ನು ಕಂಡು ತೃಪ್ತರಾಗಿ ಮುಂದೆ ಹೋಗುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇಷ್ಟು ಚಿಕ್ಕ ಗೋಳದೊಳಗೆ ಎಷ್ಟು ಘಟಕಗಳು ಹಿಡಿಯುತ್ತವೆ? ಗೋಳದ ಗಾತ್ರವನ್ನು v ಯಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. S = 100 ಆದಾಗ ಹತ್ತು ಘಟಕಗಳು; S = 1000 ಆದಾಗ ಮೂರೇ ಮೂರು.

ಮೂರು ಬೇರಿಯಂ ಅಯಾನುಗಳೂ ಮೂರು ಸಲ್ಫೇಟ್ ಅಯಾನುಗಳೂ ಕೂಡಿದ ಗುಂಪಿಗೆ ಒಳಗೆಂಬುದು ಯಾವುದು, ಹೊರಗೆಂಬುದು ಯಾವುದು? ಹತ್ತು ಘಟಕಗಳ ಗುಂಪಿನಲ್ಲಿಯೂ ಹೆಚ್ಚುಕಡಿಮೆ ಎಲ್ಲ ಅಯಾನುಗಳೂ ನೀರಿಗೆ ತಾಗಿಯೇ ಇರುತ್ತವೆ. ಮೇಲ್ಮೈಯ ಶಕ್ತಿಯನ್ನೂ ಗಾತ್ರದ ಶಕ್ತಿಯನ್ನೂ ಬೇರೆ ಬೇರೆಯಾಗಿ ಬರೆದು ಕೂಡಿಸುವುದು ನಮ್ಮ ಸಿದ್ಧಾಂತದ ಜೀವಾಳ. ಹಾಗೆ ಬರೆಯಲು ಮೇಲ್ಮೈಯಿಂದ ದೂರವಾದ, ಹರಳಿನ ಸಹಜ ಗುಣವುಳ್ಳ ಒಂದು ಒಳಭಾಗವಿರಬೇಕು. ಅದು ಇಲ್ಲಿ ಇಲ್ಲ. ದೊಡ್ಡ ಹರಳಿನ ಚಪ್ಪಟೆ ಮುಖಕ್ಕೆ ಅರ್ಥವುಳ್ಳ γ ಎಂಬ ರಾಶಿಯನ್ನು ಇಂಥ ಪುಟ್ಟ ಗುಂಪಿಗೂ ಬದಲಿಸದೆ ಅನ್ವಯಿಸುವುದು ಸಿದ್ಧಾಂತದ ಮೂಲ ಊಹೆ. ಊಹೆಯೆಂಬ ಕಾರಣಕ್ಕೇ ಅದನ್ನು ತಳ್ಳಿಬಿಡಬೇಕಾಗಿಲ್ಲ. ಆದರೆ ಅದರ ಫಲವಾಗಿ ಬಂದ γ ಯನ್ನು ಬೇರಿಯಂ ಸಲ್ಫೇಟಿನ ಮೇಲ್ಮೈ ಶಕ್ತಿಯೆಂದು ಕೋಷ್ಟಕದಲ್ಲಿ ಬರೆಯುವುದಕ್ಕೆ ನಮಗೆ ಹಕ್ಕುಂಟೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕುವ ಸಹಜವಾದ ದಾರಿಯೆಂದರೆ ಅಂಕುರಣವನ್ನು ಆಶ್ರಯಿಸದ ಇನ್ನೊಂದು ಪ್ರಯೋಗದಿಂದ γ ಯನ್ನು ಪಡೆದು ಹೋಲಿಸುವುದು. r* ಸೂತ್ರವನ್ನೇ ತಿರುಗಿಸಿ ಓದಿದರೆ, r ತ್ರಿಜ್ಯದ ಕಣವು ದೊಡ್ಡ ಹರಳಿಗಿಂತ ಎಷ್ಟು ಹೆಚ್ಚು ಕರಗುತ್ತದೆ ಎಂಬುದು ತಿಳಿಯುತ್ತದೆ. 20ನೆಯ ಶತಮಾನದ ಮೊದಲಲ್ಲೇ, 1901ರಲ್ಲಿ, ಹ್ಯುಲೆಟ್ ಎಂಬ ವಿಜ್ಞಾನಿಯು ನುಣ್ಣಗೆ ಅರೆದ ಬೇರಿಯಂ ಸಲ್ಫೇಟಿನ ವಿಲೀನತೆಯನ್ನು ಅಳೆದನು. ಸುಮಾರು 0.1 ಮೈಕ್ರಾನ್ ವ್ಯಾಸದ ಕಣಗಳು ದೊಡ್ಡ ಹರಳುಗಳಿಗಿಂತ ಹೆಚ್ಚುಕಡಿಮೆ ಶೇಕಡ 80ರಷ್ಟು ಹೆಚ್ಚು ಕರಗುವುದನ್ನು ಕಂಡನು. ಇದನ್ನು ಸೂತ್ರಕ್ಕೆ ಹಾಕಿದರೆ γ ಚದರ ಮೀಟರಿಗೆ ಸುಮಾರು 1.4 ಜೂಲ್ ಎಂದು ಬರುತ್ತದೆ. ಎಂದರೆ ಅಂಕುರಣದಿಂದ ಬಂದ ಬೆಲೆಯ ಹತ್ತು ಪಟ್ಟು. ಅಂಕುರಣದ 0.13 ಸರಿಯಾದುದಾಗಿದ್ದರೆ ಅದೇ ಕಣಗಳ ವಿಲೀನತೆ ಶೇಕಡ 6ಕ್ಕಿಂತ ಕಡಮೆಯೇ ಹೆಚ್ಚಬೇಕಾಗಿತ್ತು.

ಹತ್ತು ಪಟ್ಟಿನ ಈ ಅಂತರದಲ್ಲಿ ಹ್ಯುಲೆಟನ ಕಡೆಗೇ ಹೆಚ್ಚು ಸಂಶಯಕ್ಕೆ ಆಸ್ಪದವಿದೆ. ಅರೆಯುವುದರಿಂದ ಹರಳುಗಳು ಒಳಗೊಳಗೆ ಬಿರಿದು ಬಿಗುವು ತಳೆಯುತ್ತವೆ. ಅಂಥ ಕಣವು ಚಿಕ್ಕದೆಂಬ ಕಾರಣಕ್ಕಲ್ಲದೆ ಕೆಟ್ಟಿದೆಯೆಂಬ ಕಾರಣಕ್ಕೂ ಹೆಚ್ಚು ಕರಗುತ್ತದೆ. ಪುಡಿಯಲ್ಲಿ ಎಲ್ಲ ಕಣಗಳೂ ಒಂದೇ ಅಳತೆಯವಾಗಿರುವುದಿಲ್ಲ. ಸರಾಸರಿಗಿಂತ ಬಹಳ ಚಿಕ್ಕವಾದ ಕೆಲವೇ ಕಣಗಳು ದ್ರಾವಣದ ಸಾರತೆಯನ್ನು ಸ್ವಲ್ಪಕಾಲ ಮೇಲೆತ್ತಬಲ್ಲವು. ಅದೂ ಅಲ್ಲದೆ, γ ನಿಜವಾಗಿಯೂ 1.4 ಆಗಿದ್ದರೆ ತಡೆಯು ಅದರ ಘನಕ್ಕೆ ಅನುಗುಣವಾಗಿ ಸಾವಿರ ಪಟ್ಟು ಏರಿ, ಬೇರಿಯಂ ಸಲ್ಫೇಟು ಶುದ್ಧ ನೀರಿನಲ್ಲಿ ತಾನಾಗಿ ಒತ್ತರಿಸುವುದೇ ಅಸಾಧ್ಯವಾಗುತ್ತಿತ್ತು. ಹ್ಯುಲೆಟನ ಅಂಕಿಯನ್ನು ಬದಿಗಿಟ್ಟರೂ ನಮ್ಮ ಕಷ್ಟ ತೀರಲಿಲ್ಲ. ತೂಗಿನೋಡುವುದಕ್ಕೆ ಬೇಕಾಗಿದ್ದ ಸ್ವತಂತ್ರ ಸಾಕ್ಷಿಯೊಂದು ಕೈತಪ್ಪಿತೆಂದಷ್ಟೇ ಅದರ ಅರ್ಥ. ಹಾಗಾದರೆ ಅಂಕುರಣದ ಪ್ರಯೋಗಗಳಾದರೂ ತಮ್ಮತಮ್ಮೊಳಗೆ ಒಪ್ಪುತ್ತವೆಯೆ?

ಇಲ್ಲಿ 1951ರ ಒಂದು ಪ್ರಸಿದ್ಧ ಪ್ರಯೋಗವನ್ನು ತೆಗೆದುಕೊಳ್ಳೋಣ. ಎರಡು ದ್ರಾವಣಗಳನ್ನು ಕೂಡಿಸಿದಾಗ ಅವು ಸಂಧಿಸುವ ಎಡೆಯಲ್ಲಿ ಸಾರತೆ ಎಲ್ಲೆಡೆಗೂ ಒಂದೇ ಆಗಿರುವುದಿಲ್ಲ. S ಎಷ್ಟೆಂಬುದೇ ಖಚಿತವಿರುವುದಿಲ್ಲ. ಈ ದೋಷವನ್ನು ಕಳೆಯಲು ಲಾ ಮರ್ ಮತ್ತು ಡಿನೆಗರ್ ಒಂದು ಸೊಗಸಾದ ಉಪಾಯ ಹೂಡಿದರು. ಬೇರಿಯಂ ಅಯಾನುಗಳಿರುವ ದ್ರಾವಣದಲ್ಲಿ ಥಯೋಸಲ್ಫೇಟೂ ಪರ್‌ಸಲ್ಫೇಟೂ ಮೆಲ್ಲಮೆಲ್ಲನೆ ವರ್ತಿಸಿ ಸಲ್ಫೇಟನ್ನು ಎಲ್ಲೆಡೆಯೂ ಏಕರೀತಿಯಾಗಿ ಹುಟ್ಟಿಸುವಂತೆ ಮಾಡಿ, ಒತ್ತರವು ತಟ್ಟನೆ ಕಾಣಿಸಿಕೊಳ್ಳುವ ಮಿತಿಯನ್ನು ಕಾದುನೋಡಿದರು. 25 ಡಿಗ್ರಿಯಲ್ಲಿ ಆ ಮಿತಿ 21.5 ಎಂದು ಅವರಿಗೆ ದೊರೆಯಿತು. ಮಿತಿಯು ಪುನಃಪುನಃ ಅದೇ ಬರುತ್ತಿದ್ದುದರಿಂದ ಇದು ದ್ರಾವಣವು ತನ್ನಷ್ಟಕ್ಕೆ ತಾನೇ ಅಂಕುರಿಸುವ ಮಿತಿಯೆಂದು ಅವರು ತಿಳಿದುಕೊಂಡರು.

ಈ ಮಿತಿಯನ್ನು ನಾವು ಮೇಲೆ ಹೇಳಿದ S ಎಂದೇ ಓದಿ, γ = 0.13 ಇಟ್ಟು ಲೆಕ್ಕ ಹಾಕೋಣ. ಕ್ರಾಂತಿಕ ತ್ರಿಜ್ಯ 0.89 ನ್ಯಾನೊಮೀಟರ್, ಅಂಕುರದಲ್ಲಿ 34 ಘಟಕಗಳು, ತಡೆ 104 kT. ದರದ ಸೂತ್ರದಲ್ಲಿರುವ A ಯನ್ನು ಘನಮೀಟರಿಗೆ ಸೆಕೆಂಡಿಗೆ 10³⁰ ಎಂದು ಇಟ್ಟುಕೊಳ್ಳೋಣ. ಅದು ನೂರು ಪಟ್ಟು ಅತ್ತಿತ್ತಾದರೂ ಮುಂದಿನ ವಾದ ಕೆಡುವುದಿಲ್ಲ. ಆಗ ಒಂದು ಲೀಟರ್ ದ್ರಾವಣದಲ್ಲಿ ಒಂದೇ ಒಂದು ಅಂಕುರ ಹುಟ್ಟಲು ಸುಮಾರು 1.5 × 10¹⁸ ಸೆಕೆಂಡುಗಳು ಬೇಕು. ಇದು ವಿಶ್ವದ ವಯಸ್ಸಾದ 1,380 ಕೋಟಿ ವರ್ಷಗಳ ಮೂರು ಪಟ್ಟಿಗೂ ಹೆಚ್ಚು. ಲಾ ಮರ್ ಮತ್ತು ಡಿನೆಗರ್ ಇಷ್ಟು ಕಾಲ ಕಾಯಲಿಲ್ಲವೆಂಬುದು ನಿಶ್ಚಯ. S = 100 ಆದಾಗಲಾದರೋ ಅದೇ ಸೂತ್ರವು ಪ್ರತಿ ಘನ ಸೆಂಟಿಮೀಟರಿಗೂ ಸೆಕೆಂಡಿಗೆ ಕೆಲವು ಸಾವಿರ ಅಂಕುರಗಳನ್ನು ಕೊಡುತ್ತದೆ.

ಇದರಿಂದ ಹೊರಬೀಳಲು ಎರಡು ದಾರಿಗಳುಂಟು. γ ಯನ್ನು 0.13ರಿಂದ 0.10ಕ್ಕೆ ಇಳಿಸಿದರೆ ಸಾಕು, 21.5ರಲ್ಲಿಯೇ ತಡೆಯು 46 kT ಯ ಸಮೀಪಕ್ಕೆ ಬಂದು ಒತ್ತರವು ಸಹಜವಾಗಿಬಿಡುತ್ತದೆ. ಇದೇ ಈ ವಿಷಯದ ಮೋಸದ ಎಡೆ. ಕೋಷ್ಟಕವೊಂದರಲ್ಲಿ ಒಬ್ಬ ಸಂಶೋಧಕನ ಹೆಸರಿನ ಮುಂದೆ 0.10 ಎಂದೂ ಇನ್ನೊಬ್ಬನ ಹೆಸರಿನ ಮುಂದೆ 0.13 ಎಂದೂ ಕಂಡರೆ, ಪರವಾಗಿಲ್ಲ, ಇಬ್ಬರೂ ಸರಿಸುಮಾರು ಒಪ್ಪಿದ್ದಾರೆ ಎಂದುಕೊಳ್ಳುತ್ತೇವೆ. ಆದರೆ γ ತಡೆಯಲ್ಲಿ ಘನವಾಗಿ ಸೇರಿ, ತಡೆಯು ಘಾತಾಂಕದಲ್ಲಿ ಕುಳಿತಿರುವುದರಿಂದ, 21.5ರಲ್ಲಿ ಈ ಸಣ್ಣ ವ್ಯತ್ಯಾಸವು ದರದಲ್ಲಿ ಸುಮಾರು 10²⁵ ಪಟ್ಟಿನ ವ್ಯತ್ಯಾಸವಾಗಿ ಹೊರಬೀಳುತ್ತದೆ. ಹೀಗೆ ಘೋರವಾಗಿ ಭಿನ್ನಾಭಿಪ್ರಾಯವುಳ್ಳ ಎರಡು ಪ್ರಯೋಗಗಳು γ ಯ ಕೋಷ್ಟಕದಲ್ಲಿ ನೆರೆಹೊರೆಯವರಂತೆ ಸಮಾಧಾನವಾಗಿ ಕೂರಬಲ್ಲವು. γ ಗಳ ಹೊಂದಾಣಿಕೆಯು ಸಿದ್ಧಾಂತಕ್ಕೆ ಪ್ರಮಾಣವಾಗಲಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಎರಡನೆಯ ದಾರಿ, 21.5ರಲ್ಲಿ ಅಂಕುರಿಸಿದುದು ಶುದ್ಧ ದ್ರಾವಣವಲ್ಲ, ಅದರೊಳಗಿದ್ದ ಧೂಳು ಎನ್ನುವುದು. ಪರಕೀಯ ಕಣವೊಂದರ ಮೇಲೆ ಹರಳು ಟೋಪಿಯಂತೆ ಕುಳಿತರೆ, ಸಂಪರ್ಕಕೋನ θ ಆಗಿರುವಾಗ ತಡೆಯು (2 + cos θ)(1 − cos θ)²/4 ಎಂಬ ಪಾಲಿಗೆ ಇಳಿಯುತ್ತದೆ. θ 90 ಡಿಗ್ರಿಯಾದರೆ ಅದು ಅರ್ಧ. 60 ಡಿಗ್ರಿಯಾದರೆ 0.16ಕ್ಕೂ ಕಡಮೆ, ಎಂದರೆ 104 kT ಯು 16 kT ಗೆ ಇಳಿದಂತೆ. ಇಲ್ಲಿ ಕ್ರಾಂತಿಕ ತ್ರಿಜ್ಯವೂ ಚಿಕ್ಕದಾಗುತ್ತದೆಂದು ಬರೆಯುವ ವಿದ್ಯಾರ್ಥಿಗಳು ಅನೇಕರು. ಹಾಗಲ್ಲ, ವಕ್ರತೆಯ ತ್ರಿಜ್ಯವು S ನಿಂದ ನಿರ್ಧಾರಿತವಾಗಿ ಹಿಂದಿನಂತೆಯೇ ಇರುತ್ತದೆ. ಗೋಳದಲ್ಲಿ ಕಟ್ಟಬೇಕಾದ ಭಾಗ ಮಾತ್ರ ಕಡಮೆಯಾಗುತ್ತದೆ.

ಈ ಎರಡು ದಾರಿಗಳಲ್ಲಿ ಯಾವುದು ನಿಜವೆಂಬುದನ್ನು ಸೂತ್ರವು ಹೇಳಲಾರದು, ಪ್ರಯೋಗವೇ ಹೇಳಬೇಕು. ಅದಕ್ಕೆ ಮೂರು ಪರೀಕ್ಷೆಗಳುಂಟು. ದ್ರಾವಣಗಳನ್ನು ಸೂಕ್ಷ್ಮರಂಧ್ರದ ಸೋಸುಕದಲ್ಲಿ ಮತ್ತೆ ಮತ್ತೆ ಸೋಸಿದಾಗ ಮಿತಿಯು ಮೇಲೇರಿದರೆ, ಮೊದಲು ಕಂಡದ್ದು ಧೂಳಿನ ಮಿತಿ. ಹುಟ್ಟಿದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ S ಏರಿದರೂ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಏರದೆ ನಿಂತರೆ, ಅಲ್ಲಿ ಎಣಿಸಿದಂತಾದುದು ಪರಕೀಯ ಕಣಗಳನ್ನೇ. ಶುದ್ಧ ಅಂಕುರಣದಲ್ಲಾದರೆ ಸಂಖ್ಯೆಯು ಭರದಿಂದ ಏರಬೇಕು. ಮೂರನೆಯದಾಗಿ, ಒತ್ತರ ಕಾಣಿಸಿಕೊಳ್ಳಲು ಹಿಡಿದ ಕಾಲದ ಲಾಗರಿತಮ್ಮನ್ನು 1/(ln S)² ಎದುರಿಗೆ ಗುರುತಿಸಿದಾಗ ಒಂದೇ ಸರಳರೇಖೆಯ ಬದಲು ನಡುವೆ ಮುರಿದ ಎರಡು ರೇಖೆಗಳು ಬಂದರೆ, ಕಡಮೆ S ಕಡೆಯ ಮೆಲ್ಲನೆಯ ಇಳಿಜಾರು ಧೂಳಿನದು, ಹೆಚ್ಚು S ಕಡೆಯ ಕಡಿದಾದುದು ದ್ರಾವಣದ್ದು. ಬೇರಿಯಂ ಸಲ್ಫೇಟಿನಲ್ಲಿ ಇಂಥ ಮುರಿವು ಕಂಡುಬಂದಿದೆ. 1956ರಲ್ಲಿ ಕಾಲಿನ್ಸ್ ಮತ್ತು ಲೈನ್‌ವೆಬರ್ ಅದೇ ಏಕರೀತಿಯ ಒತ್ತರಣದ ಮಾರ್ಗವನ್ನು ಹಿಡಿದು, ಮಿತಿಯು ರಾಸಾಯನಿಕಗಳ ಶುದ್ಧಿಯನ್ನು ಅವಲಂಬಿಸುತ್ತದೆಂದು ತೋರಿಸಿದರು. 21.5 ಎಂಬುದು ಬೇರಿಯಂ ಸಲ್ಫೇಟಿನ ಗುಣವಾಗಿರದೆ ಅಂದಿನ ಸೀಸೆಗಳ ಗುಣವಾಗಿತ್ತೆಂದು ತಿಳಿಯಲು ಇದು ಸಾಕು.

ನಮ್ಮ ಪ್ರಯೋಗಶಾಲೆಯ ಕಾರ್ಯಕ್ಕೂ ಇಲ್ಲಿ ಒಂದು ಪಾಠವಿದೆ. ತೂಕದ ವಿಶ್ಲೇಷಣೆಯಲ್ಲಿ ಬಿಸಿಯಾದ ತೆಳು ದ್ರಾವಣಕ್ಕೆ ಬೇರಿಯಂ ಕ್ಲೋರೈಡನ್ನು ತೊಟ್ಟುತೊಟ್ಟಾಗಿ, ಕಲಕುತ್ತ ಹಾಕಬೇಕೆಂಬ ನಿಯಮದ ಗುರಿ S ಅನ್ನು ಧೂಳಿನ ಮಿತಿಗೂ ಶುದ್ಧ ಅಂಕುರಣದ ಮಿತಿಗೂ ನಡುವೆ ಹಿಡಿದಿಡುವುದು. ಆಗ ಹರಳುಗಳ ಸಂಖ್ಯೆ ಕಡಮೆಯಾಗಿ, ಒಂದೊಂದೂ ದೊಡ್ಡದಾಗಿ ಬೆಳೆದು, ಸೋಸುಕಾಗದದ ಮೇಲೆ ನಿಲ್ಲುತ್ತದೆ. ಸೆಂಟಿಮೋಲಾರ್ ದ್ರಾವಣಗಳನ್ನು ಸಮಭಾಗವಾಗಿ ಒಮ್ಮೆಗೇ ಸುರಿದರೆ S ನಾನೂರನ್ನು ಮೀರುತ್ತದೆ. ಹಾಲಿನಂಥ ಕಣಗಳು ಕಾಗದದ ಮೂಲಕ ಇಳಿದು ಹೋಗುತ್ತವೆ. ಶುದ್ಧ ಅಂಕುರಣವನ್ನು ಅಳೆಯಹೊರಟ ಸಂಶೋಧಕನಿಗೆ ಶತ್ರುವಾದ ಧೂಳು ವಿಶ್ಲೇಷಕನಿಗೆ ಮಿತ್ರನಾಗಿದೆ.

ಹಾಗಾದರೆ ಕ್ರಾಂತಿಕ ಅಂಕುರದ ಅಳತೆಯನ್ನು γ ಯ ಹಂಗಿಲ್ಲದೆ ಪಡೆಯಲು ಸಾಧ್ಯವೇ ಇಲ್ಲವೆ? ಒಂದು ದಾರಿಯುಂಟು. S ಅನ್ನು ಸ್ವಲ್ಪ ಏರಿಸಿದರೆ ತಡೆಯು ಎಷ್ಟು ಇಳಿಯುತ್ತದೆ ಎಂಬುದು ಅಂಕುರದಲ್ಲಿರುವ ಘಟಕಗಳ ಸಂಖ್ಯೆಯಿಂದಲೇ ನಿರ್ಧಾರವಾಗುತ್ತದೆ. ಏಕೆಂದರೆ ಪ್ರತಿ ಘಟಕಕ್ಕೂ ಹೆಚ್ಚಾದ ಲಾಭ ಒಂದೇ. 1982ರಲ್ಲಿ ಕಾಶ್ಚೀವ್ ಇದನ್ನು ಗೋಳಾಕಾರವೇ ಮೊದಲಾದ ಊಹೆಗಳಿಗೆ ಕಟ್ಟುಬೀಳದ ಪ್ರಮೇಯವಾಗಿ ನಿಲ್ಲಿಸಿದನು. ln J ಅನ್ನು ln S ಎದುರಿಗೆ ಗುರುತಿಸಿ ಇಳಿಜಾರನ್ನು ಅಳೆದರೆ, ಬೇರಿಯಂ ಸಲ್ಫೇಟಿನಲ್ಲಿ ಅದು ಘಟಕಗಳ ಸಂಖ್ಯೆಯ ಇಮ್ಮಡಿಗೆ ಹೆಚ್ಚುಕಡಿಮೆ ಸಮ. ನಮ್ಮ ಲೆಕ್ಕದಂತೆ S = 100ರ ಬಳಿ ಇಳಿಜಾರು 20 ಇರಬೇಕು. ಪ್ರಯೋಗವು 20ನ್ನೇ ಕೊಟ್ಟರೆ ಹತ್ತು ಘಟಕಗಳ ಅಂಕುರವೆಂಬುದು ಊಹೆಯಾಗಿ ಉಳಿಯದೆ ಅಳತೆಯ ಮಾತಾಗುತ್ತದೆ. 8 ಕೊಟ್ಟರೆ ಅಂಕುರದಲ್ಲಿ ನಾಲ್ಕೇ ಘಟಕಗಳಿದ್ದು, 0.13 ಎಂಬ γ ಸುಳ್ಳಾಗುತ್ತದೆ. ಎಚ್ಚರವಹಿಸಬೇಕಾದುದು ಒಂದೇ: ಮಬ್ಬು ಕಣ್ಣಿಗೆ ಕಾಣಿಸುವ ಕಾಲದಲ್ಲಿ ಅಂಕುರ ಹುಟ್ಟುವ ಕಾಲದ ಜೊತೆಗೆ ಅದು ಕಾಣುವಷ್ಟು ಬೆಳೆಯುವ ಕಾಲವೂ ಸೇರಿರುತ್ತದೆ. ಬೆಳವಣಿಗೆಯ ಭಾಗವನ್ನು ಬೇರ್ಪಡಿಸದೆ ತೆಗೆದ ಇಳಿಜಾರು ಅಂಕುರದ ಅಳತೆಯಲ್ಲ.

ಈ ದಾರಿಯೂ ಎಲ್ಲ ಹರಳುಗಳಿಗೂ ನೆಟ್ಟಗೆ ಒಯ್ಯುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಹರಳು ಮೂಡುವುದಕ್ಕೆ ಮೊದಲೇ ಅಯಾನುಗಳ ಸ್ಥಿರವಾದ ಗುಂಪುಗಳಿರುವುದನ್ನು 2008ರಲ್ಲಿ ಗೆಬೌವರ್, ಫ್ಯೋಲ್ಕೆಲ್ ಮತ್ತು ಕ್ಯೋಲ್ಫೆನ್ ವರದಿ ಮಾಡಿದರು. ಒಂದೊಂದು ಅಯಾನು ಸೇರುತ್ತ ಒಂದೇ ಶಿಖರವನ್ನು ಹತ್ತುವ ಚಿತ್ರವು ಅಲ್ಲಿ ಹೊಂದುತ್ತದೆಯೆ ಎಂಬ ವಿವಾದ ಅದರಿಂದ ಎದ್ದಿದೆ.

ಇಷ್ಟರಿಂದ ಸಿದ್ಧಾಂತವನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಮೇಲ್ಮೈಯ ವೆಚ್ಚವೂ ಗಾತ್ರದ ಲಾಭವೂ ಸ್ಪರ್ಧಿಸಿ ತಡೆಯೊಂದನ್ನು ನಿರ್ಮಿಸುತ್ತವೆ, ಆ ತಡೆಯು ಅತಿಪರ್ಯಾಪ್ತತೆಯೊಡನೆ ವೇಗವಾಗಿ ಕುಗ್ಗುತ್ತದೆ ಎಂಬುದು ಗಟ್ಟಿಯಾದ ಮಾತು. ಆದರೆ ದ್ರಾವಣದ ಹರಳಿನಲ್ಲಿ γ ಎಂಬುದು ನಾವು ಸಿದ್ಧಾಂತಕ್ಕೆ ಕೊಡುವ ಅಂಕಿಯಲ್ಲ, ಸಿದ್ಧಾಂತದ ಮೂಲಕ ರೇಖೆಯ ಇಳಿಜಾರಿನಿಂದ ತೆಗೆಯುವ ಅಂಕಿ. ಹಾಗೆ ತೆಗೆದ γ ಯನ್ನು ಮರಳಿ ಅದೇ ಸೂತ್ರಕ್ಕೆ ಹಾಕಿ r* ಲೆಕ್ಕ ಹಾಕಿದರೆ ಹೊಸದೇನೂ ತಿಳಿದಂತಾಗದು. ಇಳಿಜಾರನ್ನೇ ಇನ್ನೊಂದು ಹೆಸರಿನಿಂದ ಕರೆದಂತಾಗುತ್ತದೆ. ಆದ್ದರಿಂದ ವಿದ್ಯಾರ್ಥಿಯು ತನ್ನ ವರದಿಯಲ್ಲಿ ಕ್ರಾಂತಿಕ ತ್ರಿಜ್ಯವನ್ನು ಬರೆದಾಗ ಅದರ ಪಕ್ಕದಲ್ಲಿ ಘಟಕಗಳ ಸಂಖ್ಯೆಯನ್ನೂ, γ ಎಲ್ಲಿಂದ ಬಂದಿತೆಂಬುದನ್ನೂ, ದ್ರಾವಣವನ್ನು ಹೇಗೆ ಸೋಸಿದನೆಂಬುದನ್ನೂ ಬರೆಯುವಂತೆ ನಾವು ಕೇಳಬೇಕು. ಈ ಮೂರೂ ಇಲ್ಲದ ತ್ರಿಜ್ಯವು ಎಷ್ಟು ದಶಾಂಶಸ್ಥಾನಗಳವರೆಗೆ ಬರೆದಿದ್ದರೂ ಅಳತೆಯೆನಿಸಲಾರದು.